ದೋಸೆ ಮಾಸ್ಟರ್ ಹೇಳದೆ ಕೇಳದೆ ಬಂದಿಲ್ಲ, ನಾಳೆ ಬೆಳಗಿನ ತಿಂಡಿ ಹೇಗೆ ನಡೆಸಲಿ?

ಬಸ್‌ಸ್ಟ್ಯಾಂಡ್ ದರ್ಶಿನಿ · ಭಾನುವಾರ ಸಂಜೆ 5:40

ತುಮಕೂರಿನಲ್ಲಿ ನಮ್ಮದೊಂದು ಸಣ್ಣ ದರ್ಶಿನಿ. ನಿಂತು ತಿನ್ನುವ ಜಾಗ, ಒಂದೇ ಕಾವಲಿ. ಕೆಲಸಕ್ಕೆ ಐದು ಜನ: ಭಟ್ಟರು, ದೋಸೆ ಮಾಸ್ಟರ್, ಇಡ್ಲಿ-ವಡೆ ನೋಡಿಕೊಳ್ಳುವ ಹೆಲ್ಪರ್ ಹುಡುಗ, ಕಾಫಿಯವರು, ತಟ್ಟೆ ತೊಳೆಯುವ ಅಮ್ಮ. ಕ್ಯಾಶ್‌ನಲ್ಲಿ ನಾನು.

ಇವತ್ತು ಬೆಳಿಗ್ಗೆ ಐದೂವರೆಗೆ ಬರಬೇಕಿದ್ದ ದೋಸೆ ಮಾಸ್ಟರ್ ಬರಲಿಲ್ಲ. ಫೋನ್ ಸ್ವಿಚ್ ಆಫ್. ಭಾನುವಾರ ಬೇರೆ. ಭಟ್ಟರೇ ಕಾವಲಿ ಹತ್ತಿರ ನಿಂತರು, ಖಾರಾಬಾತ್ ತಡವಾಯಿತು, ಸಾಂಬಾರ್ ತಳ ಹಿಡಿಯಿತು, ಎಂಟೂವರೆಗೆ ಇಡ್ಲಿಯೂ ಖಾಲಿ. ದೋಸೆಗೆ ಇಪ್ಪತ್ತು ನಿಮಿಷ ಕಾದು ಟೋಕನ್ ವಾಪಸ್ ಕೊಟ್ಟು ಹೋದವರು ಬಹಳ ಜನ.

ಈಗ ಫ್ರಿಜ್‌ನಲ್ಲಿ ಸುಮಾರು 15 ಲೀಟರ್ ದೋಸೆ ಹಿಟ್ಟು ಉಳಿದಿದೆ. ಅವರು ನಾಳೆ ಬರ್ತಾರೋ ಇಲ್ವೋ ಗೊತ್ತಿಲ್ಲ. ಬೆಂಗಳೂರಿನಿಂದ ಒಬ್ಬರು ಮಾಸ್ಟರ್ ಕಳಿಸ್ತೀನಿ ಅಂತ ಏಜೆಂಟ್ ಹೇಳ್ತಿದ್ದಾನೆ, ಬುಧವಾರಕ್ಕೆ ಮುಂಚೆ ಆಗಲ್ಲವಂತೆ. ನಾಳೆ, ನಾಡಿದ್ದು ಹೇಗೆ ತಳ್ಳಲಿ?

ಮನೆಯೂಟ ಪ್ರಿಯೆ · 5:58

ಅಯ್ಯೋ ನಮ್ಮನೇಲೂ ಇದೇ ಕಥೆ. ಅಡುಗೆಯವರು ವಾರಕ್ಕೊಂದು ಸಲ ಕೈ ಕೊಡ್ತಾರೆ. ನಾನಂತೂ ಭಾನುವಾರವೇ ತರಕಾರಿ ಹೆಚ್ಚಿ ಡಬ್ಬಿಗೆ ಹಾಕಿ ಇಟ್ಟುಬಿಡ್ತೀನಿ. ಅವರು ಬರದಿದ್ದ ದಿನ ಚಿತ್ರಾನ್ನ ಮಾಡಿ ಎಲ್ಲರ ಬಾಯಿ ಮುಚ್ಚಿಸಿಬಿಡಿ!

ಬಸ್‌ಸ್ಟ್ಯಾಂಡ್ ದರ್ಶಿನಿ · 6:03

ಮನೆ ಅಲ್ಲ ಮೇಡಂ, ಹೋಟೆಲ್. ದಿನಕ್ಕೆ ಸುಮಾರು 250 ಪ್ಲೇಟ್ ತಿಂಡಿ ಹೋಗುತ್ತೆ, ಅದರಲ್ಲಿ 90 ದೋಸೆ.

ಲೆಕ್ಕದ ಮೇಷ್ಟ್ರು · 6:20

ಇದಕ್ಕೆ ತಲೆ ಕೆಡಿಸಿಕೊಳ್ಳೋದೇ ಬೇಡ. ದೋಸೆ ಹಿಟ್ಟು, ಇಡ್ಲಿ ಹಿಟ್ಟು ಎರಡೂ ಅಕ್ಕಿ ಮತ್ತು ಉದ್ದು ತಾನೇ? ಆ 15 ಲೀಟರನ್ನು ಇಡ್ಲಿ ತಟ್ಟೆಗೆ ಹೊಯ್ದುಬಿಡಿ. ದೋಸೆ ಇಲ್ಲ, ಇಡ್ಲಿ ಡಬಲ್. ಹಿಟ್ಟೂ ಖರ್ಚಾಗುತ್ತೆ. ಮೆನು ಚಿಕ್ಕದಾದಷ್ಟೂ ಒಳ್ಳೇದು.

ಹಳೇ ಭಟ್ಟ, ಕುಂದಾಪುರ · 6:55

ಮೇಷ್ಟ್ರೇ, ಇಡ್ಲಿ ಜಾಸ್ತಿ ಮಾಡಿ ಅನ್ನೋದು ಸರಿ. ಆದರೆ ಆ ಹಿಟ್ಟಿನಲ್ಲಿ ಬೇಡ. ದೋಸೆಗೆ ಅಕ್ಕಿಯನ್ನು ನುಣ್ಣಗೆ ರುಬ್ಬಿರ್ತಾರೆ, ಉದ್ದು ಕಡಿಮೆ ಇರುತ್ತೆ, ಹಿಟ್ಟೂ ತೆಳು. ಇಡ್ಲಿ ತಟ್ಟೆಗೆ ಹಾಕಿದರೆ ಬಿಲ್ಲೆ ಥರ ಕೂರುತ್ತೆ, ಬಾಯಲ್ಲಿ ಅಂಟುತ್ತೆ. ಬಸ್‌ಸ್ಟ್ಯಾಂಡ್ ಗಿರಾಕಿ ಅಂತ ಅಸಡ್ಡೆ ಬೇಡ, ದಿನಾ ಬರೋರು ಅವರೇ.

ದರ್ಶಿನಿ ಸರ್, ಇವತ್ತು ನಿಮ್ಮ ಹೋಟೆಲ್ ಕೆಟ್ಟಿದ್ದು ದೋಸೆ ಇಲ್ಲ ಅಂತ ಅಲ್ಲ. ಭಟ್ಟರನ್ನು ಕಾವಲಿ ಮುಂದೆ ನಿಲ್ಲಿಸಿದಿರಲ್ಲ, ಅಲ್ಲಿ. ಒಂದು ಜಾಗ ಖಾಲಿ ಇತ್ತು, ಅದನ್ನು ಮುಚ್ಚೋಕೆ ಹೋಗಿ ಎರಡು ಖಾಲಿ ಮಾಡಿಕೊಂಡಿರಿ. ಭಟ್ಟರು ಪಾತ್ರೆ ಹತ್ತಿರ ಇದ್ದಿದ್ರೆ ಒಂದೇ ಸಲಕ್ಕೆ ನಲವತ್ತು ಪ್ಲೇಟ್ ಇಳಿಸೋರು. ಕಾವಲಿ ಮುಂದೆ ನಿಂತರೆ ಎಷ್ಟು ದೊಡ್ಡ ಅಡುಗೆಯವರಾದರೂ ಒಂದೊಂದೇ ದೋಸೆ ತಿರುವುತ್ತಾ ಇರಬೇಕು.

ಜನ ಕಡಿಮೆ ಇದ್ದ ದಿನ ನಾನು ಮೆನುವನ್ನು ಹೀಗೆ ನೋಡ್ತೀನಿ: ಯಾವುದು ಪಾತ್ರೆಯಲ್ಲಿ ಆಗುತ್ತೆ, ಯಾವುದು ಕೈಯಲ್ಲಿ ಆಗುತ್ತೆ. ಇಡ್ಲಿ, ಖಾರಾಬಾತ್, ಕೇಸರಿಬಾತ್, ಒಂದು ರೈಸ್‌ಬಾತ್, ಇವೆಲ್ಲ ಪಾತ್ರೆಯವು. ಗಿರಾಕಿ ಬರುವ ಮೊದಲೇ ಆಗಿರುತ್ತೆ, ಬಂದಾಗ ಬಡಿಸೋದಷ್ಟೇ. ದೋಸೆ, ಪೂರಿ, ಉದ್ದಿನವಡೆ ಕೈಯವು. ಗಿರಾಕಿ ಎದುರು ನಿಂತಾಗಲೂ ಒಬ್ಬ ಅಲ್ಲೇ ಇರಬೇಕು. ನಾಳೆ ಪಾತ್ರೆಯವನ್ನು ಮಾತ್ರ ಇಟ್ಟುಕೊಳ್ಳಿ.

ಇವತ್ತು ರಾತ್ರಿ ಮಾಡಬೇಕಾದ ಕೆಲಸ ಇಡ್ಲಿ ಹಿಟ್ಟು ಜಾಸ್ತಿ ರುಬ್ಬೋದು. ಉದ್ದು ಈಗಲೇ ನೆನೆಯಲಿ, ನಾಲ್ಕು ಗಂಟೆಯಾದರೂ ಬೇಕು. 1 ಕೆಜಿ ಉದ್ದಿಗೆ ಎರಡರಿಂದ ಎರಡೂವರೆ ಕೆಜಿ ಇಡ್ಲಿ ರವೆ ಲೆಕ್ಕ. ಅದಕ್ಕೆ ಸುಮಾರು 120 ಇಡ್ಲಿ ಬರುತ್ತೆ, ನಿಮ್ಮ ಗುಳಿ ದೊಡ್ಡದಿದ್ದರೆ ಸ್ವಲ್ಪ ಕಡಿಮೆ. ದಿನಾ ಎಷ್ಟು ರುಬ್ತೀರೋ ಅದರ ಮೇಲೆ ಇನ್ನೊಂದು ಕೆಜಿ ಉದ್ದು ಏರಿಸಿ. ರಾತ್ರಿ ಹನ್ನೊಂದಕ್ಕೆ ರುಬ್ಬಿಟ್ಟರೂ ಬೆಳಿಗ್ಗೆ ಏಳಕ್ಕೆ ಬರುತ್ತೆ, ಜಾಗ ಬೆಚ್ಚಗಿದ್ದರೆ. ಮೊದಲ ಬಾಕ್ಸ್‌ಗೆ ದಿನಾ ರುಬ್ಬುವ ಹಿಟ್ಟು ಬಳಸಿ, ತಡವಾಗಿ ರುಬ್ಬಿದ್ದು ಆಮೇಲೆ.

ಇಡ್ಲಿ ಬಾಕ್ಸ್ ಎಷ್ಟರದ್ದು?

ಬಸ್‌ಸ್ಟ್ಯಾಂಡ್ ದರ್ಶಿನಿ · 7:04

54ರದ್ದು ಸರ್. ಉದ್ದು ನೆನೆ ಹಾಕಿಸಿದೆ.

ಹಳೇ ಭಟ್ಟ, ಕುಂದಾಪುರ · 7:12

ಹಾಗಾದ್ರೆ ಬಾಕ್ಸ್ ಸಾಕು. ಹಬೆ ಸರಿಯಾಗಿ ಬಂದ ಮೇಲೆ ಹನ್ನೆರಡು ನಿಮಿಷ, ತೆಗೆದು ತುಂಬಿ ಮತ್ತೆ ಇಡೋಕೆ ನಾಲ್ಕೈದು ನಿಮಿಷ. ಗಂಟೆಗೆ ಮೂರು ಬಾಕ್ಸ್ ಅಂದರೂ 80 ಪ್ಲೇಟ್ ದಾಟುತ್ತೆ. ನಿಮಗೆ ಅಷ್ಟು ಬೇಡ. ಕಮ್ಮಿ ಬೀಳೋದು ಹಿಟ್ಟು ಮಾತ್ರ.

ಖಾರಾಬಾತ್‌ಗೆ ರವೆಯನ್ನು ಇವತ್ತು ರಾತ್ರಿಯೇ ಹುರಿದು ಆರಿಸಿ ಇಡಿ. 1 ಕೆಜಿ ರವೆಗೆ ಸುಮಾರು 20 ಪ್ಲೇಟ್. ಇಡೀ ಬೆಳಗಿಗೆ ಒಂದೇ ಸಲ ಮಾಡಬೇಡಿ, ಒಂಬತ್ತರ ಹೊತ್ತಿಗೆ ಗಟ್ಟಿಯಾಗಿ ಇಟ್ಟಿಗೆ ಆಗುತ್ತೆ. ಆರೂವರೆಗೆ ಒಂದು, ಎಂಟಕ್ಕೆ ಒಂದು. ಒಗ್ಗರಣೆ, ತರಕಾರಿ ಒಟ್ಟಿಗೆ ಮಾಡಿಟ್ಟುಕೊಂಡರೆ ಎರಡನೇದು ಕಾಲು ಗಂಟೆಯಲ್ಲಿ ಇಳಿಯುತ್ತೆ. ಚಟ್ನಿಯೂ ಎರಡು ಸಲ ರುಬ್ಬಿ. ಕಾಯಿ ಚಟ್ನಿ ಹಳಸಿದರೆ ಇಡ್ಲಿ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಮೈಸೂರು ಪಾರ್ಸೆಲ್ · 7:30

ಒಂದು ವಿಷಯ ಎಲ್ಲರೂ ಮರೀತಾರೆ. ಸ್ವಿಗ್ಗಿ, ಜೊಮ್ಯಾಟೋ ಇದ್ದರೆ ಬಾಗಿಲು ತೆಗೆಯುವ ಮುಂಚೆಯೇ ದೋಸೆಗಳನ್ನೆಲ್ಲ ಆಫ್ ಮಾಡಿ. ಆರ್ಡರ್ ಬಂದ ಮೇಲೆ ಇಲ್ಲ ಅನ್ನೋದು ನಿಮ್ಮ ಲೆಕ್ಕಕ್ಕೆ ಕೆಟ್ಟದ್ದು. ಬಿಲ್ಲಿಂಗ್ ಮಷೀನ್‌ನಲ್ಲೂ ದೋಸೆ ಬಟನ್ ಕಾಣದಂಗೆ ಮಾಡಿ. ಕ್ಯಾಶ್‌ನಲ್ಲಿ ಕೂತವರು ಅಭ್ಯಾಸ ಬಲದಲ್ಲಿ ಒತ್ತಿ ಟೋಕನ್ ಕೊಟ್ಟುಬಿಡ್ತಾರೆ, ಅಲ್ಲಿಂದ ಜಗಳ ಶುರು.

ಬೋರ್ಡ್‌ನಲ್ಲಿ "ದೋಸೆ ಇಲ್ಲ" ಅಂತ ಬರೆಯಬೇಡಿ. ಏನು ಇದೆ ಅಂತ ನಾಲ್ಕು ಸಾಲು ದೊಡ್ಡದಾಗಿ ಬರೆದು ಕ್ಯಾಶ್ ಮುಂದೆ ಇಡಿ. ಜನ ಓದಿಕೊಂಡೇ ಕೇಳ್ತಾರೆ.

ಬಸ್‌ಸ್ಟ್ಯಾಂಡ್ ದರ್ಶಿನಿ · 7:41

ಇದು ಒಳ್ಳೇದು. ಆದರೆ ದೋಸೆ ಪೂರ್ತಿ ನಿಲ್ಲಿಸಿದರೆ ಆ 15 ಲೀಟರ್ ಹಿಟ್ಟು? ಚೆಲ್ಲೋಕೆ ಹೊಟ್ಟೆ ಉರಿಯುತ್ತೆ. ಹೆಲ್ಪರ್ ಹುಡುಗ ನಾನು ಹಾಕ್ತೀನಿ ಅಣ್ಣ ಅಂತಿದ್ದಾನೆ. ಇವತ್ತು ಮಧ್ಯಾಹ್ನ ಹಾಕಿಸಿ ನೋಡಿದೆ. ಹಿಟ್ಟೆಲ್ಲ ಬಟ್ಟಲಿಗೇ ಸುತ್ತಿಕೊಂಡು ಮುದ್ದೆಯಾಗಿ ಬಂತು.

ಕಾವಲಿ ಮುಂದಿನವ · 8:15

ನಾನು ಬೆಂಗಳೂರಲ್ಲಿ ದೋಸೆ ಮಾಸ್ಟರ್. ಬಟ್ಟಲಿಗೆ ಸುತ್ತಿಕೊಂಡು ಬಂತು ಅಂದರೆ ಕಾವಲಿ ಕಾದಿದ್ದು ಜಾಸ್ತಿ ಆಗಿತ್ತು. ಹಿಟ್ಟು ತಾಗಿದ ಕೂಡಲೇ ಬೆಂದುಬಿಡ್ತು, ಹರಡೋಕೆ ಟೈಮೇ ಸಿಗಲಿಲ್ಲ. ಹೊಸಬರು ಮಾಡೋ ತಪ್ಪು ಇದೇ, ಉರಿ ಜೋರಿದ್ದರೆ ಬೇಗ ಆಗುತ್ತೆ ಅಂದುಕೊಳ್ತಾರೆ.

ಹುಡುಗನಿಗೆ ಇಷ್ಟು ಹೇಳಿಕೊಡಿ. ಕಾವಲಿ ಮೇಲೆ ಕೈಯಲ್ಲಿ ನೀರು ಚಿಮುಕಿಸಲಿ. ಹನಿ ಅಲ್ಲೇ ಕೂತು ಗುಳುಗುಳು ಅಂತಿದ್ದರೆ ಇನ್ನೂ ಕಾದಿಲ್ಲ. ಚಟಪಟ ಅಂತ ಓಡಾಡಿ ಮಾಯವಾದರೆ ಕಾದಿದೆ. ಆಮೇಲೆ ಉರಿ ಸಣ್ಣ ಮಾಡಿ, ಇನ್ನೊಂದು ಸಲ ಜಾಸ್ತಿ ನೀರು ಹಾಕಿ ಕಡ್ಡಿ ಪೊರಕೆಯಲ್ಲಿ ಒಂದೇ ದಿಕ್ಕಿಗೆ ಗುಡಿಸಬೇಕು. ಆಗ ಮೇಲ್ಮೈ ತಣಿಯುತ್ತೆ. ತಣಿದ ಆ ಐದಾರು ಸೆಕೆಂಡಿನಲ್ಲಿ ಹಿಟ್ಟು ಹೊಯ್ದು ಬಟ್ಟಲು ಒತ್ತದೆ ಸುತ್ತಿಸಬೇಕು. ಹರಡಿ ಆದ ಮೇಲೆ ಉರಿ ಏರಿಸೋದು. ಮಾಸ್ಟರ್‌ಗಳು ದೋಸೆ ದೋಸೆಗೂ ನೀರು ಹಾಕಿ ಗುಡಿಸೋದು ಬರೀ ಕ್ಲೀನ್ ಮಾಡೋಕೆ ಅಂತ ಜನ ಅಂದುಕೊಂಡಿದ್ದಾರೆ. ಅಲ್ಲ.

ಆದರೆ ತೆಳು ದೋಸೆ ಎರಡು ದಿನಕ್ಕೆ ಕೈಗೆ ಬರಲ್ಲ ಸರ್. ಅವನಿಗೆ ಸೆಟ್ ದೋಸೆ ಕೊಡಿ.

ಹಳೇ ಭಟ್ಟ, ಕುಂದಾಪುರ · 8:32

ಅದೇ ಹೇಳೋಣ ಅಂತಿದ್ದೆ. ಸೆಟ್ ದೋಸೆಯಲ್ಲಿ ಹರಡುವ ಕೆಲಸವೇ ಇಲ್ಲ. ಒಂದು ಸೌಟು ಹೊಯ್ಯಿ, ತೂತು ಬಿಡಲಿ, ಮುಚ್ಚಳ ಮುಚ್ಚು, ಒಂದು ನಿಮಿಷಕ್ಕೆ ತೆಗಿ. ತಿರುವಿ ಹಾಕೋದೂ ಬೇಡ.

ನಿಮ್ಮ ಹಿಟ್ಟು ತೆಳುವಾಗಿರುತ್ತೆ. ಅದರಲ್ಲಿ 10 ಲೀಟರ್ ತೆಗೆದು, ಅರ್ಧ ಕೆಜಿ ಗಟ್ಟಿ ಅವಲಕ್ಕಿ ನೆನೆಸಿ ರುಬ್ಬಿ ಬೆರೆಸಿ. ಗಟ್ಟಿಯೂ ಆಗುತ್ತೆ, ಮೆತ್ತಗೂ ಬರುತ್ತೆ. ಉಪ್ಪು ನೋಡಿಕೊಳ್ಳಿ. ಬೆಳಿಗ್ಗೆ ಮೂಸಿ ನೋಡಿ, ಮೂಗಿಗೆ ಹೊಡೆಯುವಷ್ಟು ಹುಳಿ ಇದ್ದರೆ ಆಸೆ ಬಿಡಿ. ಸಾಗು ಮಾಡೋಕೆ ಹೋಗಬೇಡಿ, ಆಲೂಗಡ್ಡೆ ಪಲ್ಯವೇ ಜೊತೆಗೆ ಕೊಡಿ. ಉಳಿದ ಪಲ್ಯ ಸಂಜೆ ಬೋಂಡಾಕ್ಕೆ.

ಇನ್ನೊಂದು ಮಾತು. ಬೆಳಗ್ಗೆ ಆರರಿಂದ ಸೆಟ್ ದೋಸೆ ಬೇಡ. ಹುಡುಗ ಇಡ್ಲಿ ಬಾಕ್ಸ್ ಹತ್ತಿರ ಬೇಕು. ಎಂಟೂವರೆ ಹೊತ್ತಿಗೆ ಮೊದಲ ನೂಕುನುಗ್ಗಲು ಇಳಿದ ಮೇಲೆ ಶುರು ಮಾಡಿ, ಒಂದು ಸಲಕ್ಕೆ ನಾಲ್ಕು ಮಾತ್ರ. ಕಾವಲಿಯಲ್ಲಿ ಜಾಗ ಇದೆ ಅಂತ ಎಂಟು ಹೊಯ್ದರೆ ಬರ್ನರ್ ಮೇಲಿರೋದು ಸೀಯುತ್ತೆ, ಅಂಚಿನಲ್ಲಿರೋದು ಹಸಿ.

ಖಾನಾವಳಿ ಅಕ್ಕ, ಧಾರವಾಡ · 9:05

ನಮ್ಮ ಕಡೆ ತೊಂದರೆ ಬೇರೆ ಥರ. ನಮ್ಮಲ್ಲಿ ರೊಟ್ಟಿ ಬಡಿಯೋ ಇಬ್ಬರು ಅಕ್ಕಂದಿರು ಇದ್ದಾರೆ. ಒಬ್ಬರ ಮನೆಯಲ್ಲಿ ಏನಾದರೂ ಆದರೆ ಇಬ್ಬರೂ ಬರಲ್ಲ, ಯಾಕಂದ್ರೆ ಅಕ್ಕ-ತಂಗಿ! ಬಿಸಿ ರೊಟ್ಟಿ ಇಲ್ಲದೆ ಖಾನಾವಳಿ ಅಂದರೆ ಜನ ನಗ್ತಾರೆ. ಅದಕ್ಕೆ ನಾನು ಯಾವಾಗಲೂ ಖಡಕ್ ರೊಟ್ಟಿ ಕಟ್ಟು ಇಟ್ಟಿರ್ತೀನಿ. ಒಣಗಿದ ಜಾಗದಲ್ಲಿ ಇಟ್ಟರೆ ವಾರಗಟ್ಟಲೆ ಏನೂ ಆಗಲ್ಲ. ಅವರು ಬರದ ದಿನ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಎರಡು ಪಲ್ಯದ ಬದಲು ಒಂದೇ. ಬೆಲೆಯಲ್ಲಿ ಸ್ವಲ್ಪ ಇಳಿಸ್ತೀನಿ, ಯಾರೂ ಗೊಣಗಿಲ್ಲ.

ತಮ್ಮಾ, ನಿಮಗೂ ಹಾಗೆ ಕೆಡದೇ ಇರೋದು ಏನಾದರೂ ಬೇಕು. ಯಾರೂ ಇಲ್ಲದಿದ್ದರೂ ಆಗುವಂಥದ್ದು.

ಹಳೇ ಭಟ್ಟ, ಕುಂದಾಪುರ · 9:20

ಅಕ್ಕ ಸರಿಯಾದ ಜಾಗ ಮುಟ್ಟಿದರು. ಬೆಳಿಗ್ಗೆ ಬರದವನು ಕಣ್ಣಿಗೆ ಕಾಣ್ತಾನೆ. ಸಂಜೆ ರುಬ್ಬೋಕೆ ಬರದವನು ಕಾಣೋದು ಮಾರನೇ ದಿನ. ಇಡ್ಲಿಯೂ ಇಲ್ಲ, ದೋಸೆಯೂ ಇಲ್ಲ, ಆಗ ಯಾವ ಮಾಸ್ಟರ್ ಬಂದರೂ ಪ್ರಯೋಜನವಿಲ್ಲ. ದರ್ಶಿನಿಗೆ ಖಡಕ್ ರೊಟ್ಟಿ ಜಾಗದಲ್ಲಿ ಇರೋದು ರವೆ ಇಡ್ಲಿ. ಹುಳಿ ಬರಿಸೋದು ಬೇಡ. ಒಗ್ಗರಣೆ ಹಾಕಿ ಹುರಿದ ರವೆಯನ್ನು ಡಬ್ಬಿಯಲ್ಲಿ ಇಟ್ಟಿದ್ದರೆ ಬೆಳಿಗ್ಗೆ ಮೊಸರು ಬೆರೆಸಿ ಇಪ್ಪತ್ತು ನಿಮಿಷ ಬಿಟ್ಟು, ಬೇಯಿಸೋ ಮುಂಚೆ ಸೋಡಾ ಹಾಕಿ ತಟ್ಟೆಗೆ ಹೊಯ್ಯೋದು. ಸೋಡಾ ಹಾಕಿ ಕಾಯಬಾರದು, ಇಳಿದುಬಿಡುತ್ತೆ. ಗೋಡಂಬಿ ಒಗ್ಗರಣೆ ಹಾಕಿದ ರವೆ ವಾರಕ್ಕಿಂತ ಜಾಸ್ತಿ ಇಡಬೇಡಿ, ಮುಗ್ಗು ವಾಸನೆ ಬರುತ್ತೆ.

ಲೆಕ್ಕದ ಮೇಷ್ಟ್ರು · 9:28

ರೆಡಿ ಹಿಟ್ಟು ಪ್ಯಾಕೆಟ್ ಸಿಗುತ್ತಲ್ಲ? ಅದನ್ನೇ ತಂದರೆ ಆಯ್ತು.

ಮೈಸೂರು ಪಾರ್ಸೆಲ್ · 9:35

ಒಂದು ದಿನ ಮರ್ಯಾದೆ ಉಳಿಸಿಕೊಳ್ಳೋಕೆ ಸರಿ. ಆದರೆ ಅಂಗಡಿ ಬೆಲೆಗೆ ತಂದರೆ ದರ್ಶಿನಿ ರೇಟಿನಲ್ಲಿ ಏನೂ ಗಿಟ್ಟಲ್ಲ. ಊರಿನಲ್ಲಿ ಹಿಟ್ಟು ರುಬ್ಬಿ ಮಾರುವವರು ಇದ್ದರೆ ಅವರ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ. ಕೈ ಕೊಟ್ಟ ದಿನ ಹುಡುಕಿದರೆ ಸಿಗಲ್ಲ.

ಬಸ್‌ಸ್ಟ್ಯಾಂಡ್ ದರ್ಶಿನಿ · ಸೋಮವಾರ ಮಧ್ಯಾಹ್ನ 12:50

ಅಪ್ಡೇಟ್. ಮಾಸ್ಟರ್ ಬರಲಿಲ್ಲ. ಮೆನು: ಇಡ್ಲಿ, ಖಾರಾಬಾತ್, ಕೇಸರಿಬಾತ್, ಟೊಮೇಟೊ ಬಾತ್, ಕಾಫಿ ಟೀ. ಎಂಟೂವರೆಯಿಂದ ಹತ್ತೂವರೆವರೆಗೆ ಸೆಟ್ ದೋಸೆ. ಭಟ್ಟರನ್ನು ಪಾತ್ರೆ ಬಿಟ್ಟು ಅಲ್ಲಾಡಿಸಲಿಲ್ಲ. ಹುಡುಗ ಕಾವಲಿಗೆ ಹೋದಾಗ ಇಡ್ಲಿ ಬಾಕ್ಸ್ ನೋಡಿಕೊಂಡವರು ಯಾರು ಗೊತ್ತಾ? ತಟ್ಟೆ ತೊಳೆಯುವ ಅಮ್ಮ. ಹಿಟ್ಟು ಹೊಯ್ಯೋ ಕೈ ನೋಡಿ ಭಟ್ಟರೇ ಸುಮ್ಮನಾದರು. ಅಲ್ಲೀವರೆಗೆ ಯಾರೂ ಕೇಳಿರಲೇ ಇಲ್ಲ ಅವರನ್ನು. ತಟ್ಟೆ ಮಾತ್ರ ಗುಡ್ಡೆ ಬಿತ್ತು, ಹತ್ತಕ್ಕೆ ನಾನೇ ತೊಳೆದೆ, ನನ್ನ ತಮ್ಮ ಕ್ಯಾಶ್‌ನಲ್ಲಿ ಕೂತ.

ಇಡ್ಲಿ ಒಂಬತ್ತೂಕಾಲಿಗೆ ಖಾಲಿ. ಕೇಸರಿಬಾತ್ ಉಳೀತು, ಸೋಮವಾರ ಅಲ್ವಾ, ಅಷ್ಟು ಹೋಗಲ್ಲ. ಸೆಟ್ ದೋಸೆ 30 ಪ್ಲೇಟ್ ಹತ್ತಿರ ಹೋಯಿತು. ಒಟ್ಟು ವ್ಯಾಪಾರ ಮಾಮೂಲಿ ಸೋಮವಾರಕ್ಕಿಂತ ಕಾಲು ಭಾಗ ಕಮ್ಮಿ. ಟೋಕನ್ ವಾಪಸ್ ಒಂದೂ ಇಲ್ಲ.

ಹಳೇ ಭಟ್ಟ, ಕುಂದಾಪುರ · 1:30

ಇಡ್ಲಿ ಒಂಬತ್ತಕ್ಕೆ ಮುಗಿದರೆ ಇನ್ನರ್ಧ ಕೆಜಿ ಉದ್ದು ಏರಿಸಿ. ಆ ಅಮ್ಮನಿಗೆ ಇಡ್ಲಿ ಬಾಕ್ಸ್ ಕೆಲಸ ಪೂರ್ತಿ ಕಲಿಸಿ. ಕೈ ತೊಳೆದು ಏಪ್ರನ್ ಬದಲಾಯಿಸಿ ನಿಲ್ಲಲಿ, ಎಂಜಲು ತಟ್ಟೆ ಮುಟ್ಟಿದ ಕೈ ಅದು. ಆ ಹೊತ್ತಿಗೆ ತೊಳೆಯೋಕೆ ಬೇರೆಯವರನ್ನು ಹಾಕಿ. ತೊಳೆಯೋಕೆ ದಿನಗೂಲಿಗೆ ಜನ ಸಿಗ್ತಾರೆ, ಇಡ್ಲಿಗೆ ಸಿಗಲ್ಲ. ಸಂಬಳವನ್ನೂ ಏರಿಸಿ, ಬರೀ ಶಭಾಶ್ ಅಂದರೆ ಆಗಲ್ಲ.

ಕಲಿಸೋದಕ್ಕೆ ಬೇರೆ ಟೈಮ್ ಹುಡುಕಬೇಡಿ. ಹನ್ನೊಂದಕ್ಕೆ ಕೆಲಸದವರೇ ತಿಂಡಿ ತಿನ್ನೋದು ಅಲ್ವಾ? ಆ ತಿಂಡಿಯನ್ನು ಕಲಿಯುವವರೇ ಮಾಡಲಿ. ಹುಡುಗ ಎಲ್ಲರಿಗೂ ದೋಸೆ ಹೊಯ್ಯಲಿ. ಹರಿದರೂ ತಿನ್ನೋರು ನಮ್ಮವರೇ. ಮೊದಲು ಕಾವಲಿ ಉರಿ ಮತ್ತು ನೀರು, ಆಮೇಲೆ ಸೆಟ್, ಆಮೇಲೆ ಖಾಲಿ ದೋಸೆ, ಕೊನೆಗೆ ಮಸಾಲೆ. ಇವತ್ತು ಮಾಡಿದ ಮೂರು ದೋಸೆ ಒಂದೇ ಬಣ್ಣ ಬಂದರೆ ಮುಂದಕ್ಕೆ ಹೋಗಿ.

ಕಾವಲಿ ಮುಂದಿನವ · 2:10

ಬೇಜಾರು ಮಾಡ್ಕೋಬೇಡಿ, ನಮ್ಮ ಕಡೆಯಿಂದ ಒಂದು ಮಾತು. ಕೆಲಸ ಕಲಿಸು ಅಂತ ಓನರ್ ಹೇಳಿದಾಗ ಮಾಸ್ಟರ್ ಹೊಟ್ಟೆಯಲ್ಲಿ ಏನಾಗುತ್ತೆ ಗೊತ್ತಾ? ಹುಡುಗ ಕಲಿತ ಮೇಲೆ ಕಡಿಮೆ ಸಂಬಳಕ್ಕೆ ಅವನನ್ನೇ ಇಟ್ಟುಕೊಳ್ತಾರೆ ಅಂತ. ಹಾಗೆ ಆಗಿದ್ದೂ ನೋಡಿದ್ದೀನಿ. ಅದಕ್ಕೇ ಹಿಟ್ಟಿನ ಅಳತೆ ಯಾರಿಗೂ ಹೇಳಲ್ಲ, ಬಟ್ಟಲನ್ನು ಮನೆಗೆ ತಗೊಂಡು ಹೋಗೋರೂ ಇದ್ದಾರೆ.

ಇನ್ನೊಂದು, ನಿಮ್ಮ ಮಾಸ್ಟರ್‌ಗೆ ವಾರದ ರಜೆ ಇತ್ತಾ? ಕಾನೂನಿನಲ್ಲಿ ಇದೆ, ವಾರಕ್ಕೆ ಒಂದು ದಿನ. ಕೇಳಿದರೆ ಸಿಗದ ಕಡೆ ಜನ ಹೇಳದೆ ಹೋಗ್ತಾರೆ. ಹೇಳಿದರೆ ಬೇಡ ಅಂತಾರಲ್ಲ.

ಬಸ್‌ಸ್ಟ್ಯಾಂಡ್ ದರ್ಶಿನಿ · 2:25

ತಿಂಗಳಿಗೆ ಎರಡು ರಜೆ ಕೊಡ್ತಿದ್ದೆ. ಅಡ್ವಾನ್ಸ್ ಕೂಡ ತಗೊಂಡಿದ್ದಾರೆ ಅವರು.

ಕಾವಲಿ ಮುಂದಿನವ · 2:31

ಎರಡು ಸಾಲದು ಸರ್. ಅಡ್ವಾನ್ಸ್ ಕೊಟ್ಟರೆ ರಜೆ ತೀರಲ್ಲ.

ಲೆಕ್ಕದ ಮೇಷ್ಟ್ರು · 2:50

ಇದಕ್ಕೆಲ್ಲ ಓನರ್ರೇ ಎಲ್ಲ ಕೆಲಸ ಕಲಿತಿರಬೇಕು ಅಂತ ನನ್ನ ಅಭಿಪ್ರಾಯ. ಮಾಲೀಕನಿಗೆ ದೋಸೆ ಹಾಕೋಕೆ ಬಂದರೆ ಯಾರೂ ಆಟ ಆಡಿಸಲ್ಲ.

ಹಳೇ ಭಟ್ಟ, ಕುಂದಾಪುರ · 3:15

ಕಲಿತಿರಲಿ, ನಿಲ್ಲಬಾರದು. ಓನರ್ ಕಾವಲಿ ಹಿಂದೆ ನಿಂತರೆ ಗ್ಯಾಸ್ ಮುಗೀತಾ, ಚಟ್ನಿ ಹಳಸ್ತಾ, ಕ್ಯೂ ಎಲ್ಲಿ ಕಟ್ತು ಅಂತ ನೋಡೋರು ಯಾರು? ಇವತ್ತು ಅವರು ತಟ್ಟೆ ತೊಳೆದಿದ್ದೇ ಸರಿ. ತೊಳೆಯುತ್ತಾ ತಲೆ ಎತ್ತಿ ಎಲ್ಲ ನೋಡಬಹುದು.

ಖಾನಾವಳಿ ಅಕ್ಕ, ಧಾರವಾಡ · 3:40

ಇದನ್ನು ನಾನು ಒಪ್ಪಲ್ಲ ಭಟ್ಟರೇ. ನಾನು ರೊಟ್ಟಿ ಬಡಿಯೋಕೆ ಕೂತ ದಿನವೇ ನಮ್ಮಲ್ಲಿ ಕೆಲಸ ಚೆಂದ ನಡೆಯೋದು. ಹೆಣ್ಣುಮಕ್ಕಳ ಖಾನಾವಳಿ ಬೇರೆ, ನಿಮ್ಮ ದರ್ಶಿನಿ ಬೇರೆ ಇರಬಹುದು.

ಬಸ್‌ಸ್ಟ್ಯಾಂಡ್ ದರ್ಶಿನಿ · ಬುಧವಾರ ಸಂಜೆ 6:30

ಮಾಸ್ಟರ್ ಇವತ್ತು ಬಂದರು. ಊರಿನಲ್ಲಿ ತಂಗಿ ಮದುವೆ ಮಾತುಕತೆ ಇತ್ತಂತೆ, ರಜೆ ಕೇಳಿದರೆ ಭಾನುವಾರ ಬಿಡಲ್ಲ ಅಂತ ಗೊತ್ತಿತ್ತಂತೆ. ಕೋಪ ಬಂತು, ನಿಜ. ಆದರೂ ಇಟ್ಟುಕೊಂಡಿದ್ದೀನಿ. ಏಜೆಂಟ್‌ಗೆ ಬೇಡ ಅಂದೆ. ಇನ್ನು ಮೇಲೆ ಪ್ರತಿ ಸೋಮವಾರ ಅವರಿಗೆ ರಜೆ, ಅವತ್ತು ದೋಸೆ ಇಲ್ಲ, ಸೆಟ್ ದೋಸೆ ಮಾತ್ರ, ಹುಡುಗ ಹಾಕ್ತಾನೆ. ಹುಡುಗನಿಗೆ ಕಲಿಸಿದ್ದಕ್ಕೆ ತಿಂಗಳಿಗೆ ಇಷ್ಟು ಅಂತ ಮಾಸ್ಟರ್‌ಗೆ ಬೇರೆ ಕೊಡ್ತೀನಿ ಅಂದಿದ್ದೀನಿ. ಹೂಂ ಅಂದರು, ಮುಖ ನೋಡಿದರೆ ಪೂರ್ತಿ ಒಪ್ಪಿದಂಗೆ ಕಾಣಲಿಲ್ಲ. ಹಿಟ್ಟಿನ ಅಳತೆಯನ್ನು ಗ್ರೈಂಡರ್ ಮೇಲಿನ ಗೋಡೆಗೆ ಬರೆಸಿದೆ.

ಈಗ ಉಳಿದಿರೋದು ವಡೆ. ಸೋಮವಾರ ವಡೆ ನಿಲ್ಲಿಸಿದ್ದಕ್ಕೆ ದಿನಾ ಬರೋ ಕಂಡಕ್ಟರ್‌ಗಳು ಬೈದರು. ಇಡ್ಲಿ ಜೊತೆ ವಡೆ ಇಲ್ಲದಿದ್ದರೆ ಹೇಗೆ ಅಂತ.

ಹಳೇ ಭಟ್ಟ, ಕುಂದಾಪುರ · 7:00

ಉದ್ದಿನವಡೆ ಹಿಟ್ಟು ಅವತ್ತೇ ಗಟ್ಟಿಯಾಗಿ ರುಬ್ಬಬೇಕು, ತಟ್ಟಿ ತೂತು ಮಾಡಿ ಎಣ್ಣೆಗೆ ಬಿಡೋ ಕೈ ಬೇಕು. ಜನ ಕಮ್ಮಿ ಇದ್ದ ದಿನ ಬೇಡ. ಕಾದ ಎಣ್ಣೆ ಮುಂದೆ ಹೊಸಬರನ್ನು ನಿಲ್ಲಿಸಲೇಬೇಡಿ. ಸೋಮವಾರಕ್ಕೆ ಮಸಾಲೆ ವಡೆ ಮಾಡಿಸಿ. ಭಟ್ಟರು ಆರು ಗಂಟೆಗೇ ಮುಕ್ಕಾಲು ಕರಿದಿಡಲಿ, ಬೇಕಾದಾಗ ಇನ್ನೊಂದು ಸಲ ಎಣ್ಣೆಗೆ ಬಿಟ್ಟು ಕೊಡೋದು.

ಕಾವಲಿ ಮುಂದಿನವ · 7:20

ಇಡ್ಲಿ ಜೊತೆ ಮಸಾಲೆ ವಡೆನಾ? ಸಾಂಬಾರಿನಲ್ಲಿ ಮುಳುಗಿಸಿದರೆ ಅದು ಉದ್ದಿನವಡೆ ಥರ ಹೀರಲ್ಲ ಭಟ್ಟರೇ. ಕಂಡಕ್ಟರ್‌ಗಳು ಮತ್ತೆ ಬೈತಾರೆ ನೋಡಿ.

ಬಸ್‌ಸ್ಟ್ಯಾಂಡ್ ದರ್ಶಿನಿ · 7:26

ಸೋಮವಾರ ಮಾಡಿಸಿ ನೋಡ್ತೀನಿ. ಯಾರ ಹತ್ತಿರವಾದರೂ ವಡೆ ಹಾಕುವ ಕೈ ಮಷೀನ್ ಇದೆಯಾ? ಹಿಟ್ಟು ಎಷ್ಟು ಗಟ್ಟಿ ಇದ್ದರೆ ಸರಿಯಾಗಿ ಬೀಳುತ್ತೆ ಅಂತ ಬಳಸಿದವರು ಹೇಳಿ.